ತೂತಿನ ಪಕ್ಕದಲ್ಲೇ ತುಂಡಾಗುವ ಹ್ಯಾಂಗರ್ ಪಟ್ಟಿ: ದೋಷ ಪತ್ತೆ ಮತ್ತು ಸುರಕ್ಷಿತ ಭಾರದ ಲೆಕ್ಕ

ದಾವಣಗೆರೆಯ ಹೊರವಲಯದಲ್ಲಿ ಮೆಕ್ಕೆಜೋಳ ಶುದ್ಧ ಮಾಡುವ ಒಂದು ಘಟಕ. ಜಗಳೂರು, ಹರಪನಹಳ್ಳಿ ಕಡೆಯಿಂದ ಬಂದ ಕಾಳು ಎಲಿವೇಟರ್ ಹತ್ತಿ ಒಂದು ಬ್ಯಾಚ್ ಹಾಪರಿಗೆ ಬೀಳುತ್ತದೆ. ಒಂದು ಟನ್ ತುಂಬಿದೊಡನೆ ಕೆಳಗಿನ ಗೇಟು ತೆರೆದು ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಹಾಪರು ಮೇಲಿನ ತೊಲೆಗಳಿಗೆ ನಾಲ್ಕು ಪಟ್ಟಿಗಳಿಂದ ನೇತಾಡುತ್ತಿದೆ. ಪ್ರತಿ ಪಟ್ಟಿಯೂ ಸುಮಾರು ಒಂದು ಮೀಟರ್ ಉದ್ದದ, 25 ಮಿ.ಮೀ. ಅಗಲ ಮತ್ತು 5 ಮಿ.ಮೀ. ದಪ್ಪದ ಎಂಎಸ್ ಫ್ಲಾಟ್, ಅಂದರೆ ಮೈಲ್ಡ್ ಸ್ಟೀಲಿನ ಚಪ್ಪಟೆ ಪಟ್ಟಿ. ಪ್ರತಿಯೊಂದರ ನಡುವೆಯೂ ಕೇಬಲ್ ಕ್ಲಾಂಪಿಗೆಂದು ಮಾಡಿದ 10 ಮಿ.ಮೀ. ತೂತು. ನಾಲ್ಕು ವರ್ಷ ತೊಂದರೆ ಕೊಡದೆ ದುಡಿದ ಈ ವ್ಯವಸ್ಥೆಯಲ್ಲಿ ಒಂದು ಪಟ್ಟಿ ತೂತಿನ ಜಾಗದಲ್ಲಿ ಅಡ್ಡಕ್ಕೆ ತುಂಡಾಯಿತು. ಹಾಪರು ಬೀಳಲಿಲ್ಲ, ತುಸು ವಾಲಿ ನಿಂತಿತು.

ಮಾಲೀಕರು ಹೇಳಿದ್ದು ಒಂದೇ ಮಾತು: "ಪಟ್ಟಿಗೆ ಏಳೂವರೆ ಕಿಲೋನ್ಯೂಟನ್ ತಡೆಯುವ ಶಕ್ತಿ ಇದೆ ಎಂದು ಫ್ಯಾಬ್ರಿಕೇಟರ್ ಬರೆದುಕೊಟ್ಟಿದ್ದಾರೆ ಸರ್. ಅಷ್ಟು ಭಾರ ಎಂದೂ ಬಿದ್ದಿಲ್ಲ." ಎರಡು ಮಾತೂ ನಿಜ. ಆದರೂ ಪಟ್ಟಿ ತುಂಡಾಗಿದೆ. ಈ ಬಗೆಯ ದೋಷವನ್ನು ಪತ್ತೆ ಮಾಡುವ ಕ್ರಮವನ್ನು ಇದೇ ಪಟ್ಟಿಯ ಮೇಲೆ ತೋರಿಸುತ್ತೇನೆ.

ಮೊದಲು ಮುರಿದ ತುಂಡನ್ನು ನೋಡಿ

ಮುರಿದ ಪಟ್ಟಿಯನ್ನು ಕೂಡಲೇ ವೆಲ್ಡ್ ಮಾಡಿ ಕೆಲಸ ಮುಂದುವರಿಸುವುದು ನಮ್ಮ ಕಾರ್ಖಾನೆಗಳ ರೂಢಿ. ಹಾಗೆ ಮಾಡಿದರೆ ಇರುವ ಒಂದೇ ಸಾಕ್ಷಿ ಕರಗಿಹೋಗುತ್ತದೆ. ಎರಡೂ ತುಂಡುಗಳನ್ನು ಎತ್ತಿಡಿ. ಮುರಿದ ಮುಖಗಳನ್ನು ಒಂದಕ್ಕೊಂದು ಜೋಡಿಸಿ ನೋಡುವ ಆಸೆಯನ್ನು ತಡೆದುಕೊಳ್ಳಿ, ಏಕೆಂದರೆ ಉಜ್ಜಿದರೆ ಗುರುತುಗಳು ಅಳಿಸುತ್ತವೆ. ವೈರ್ ಬ್ರಷ್ ಬೇಡ. ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ಬೆಳಕನ್ನು ಓರೆಯಾಗಿ ಹಿಡಿದು ಒಂದು ಭೂತಗನ್ನಡಿಯಲ್ಲಿ ನೋಡಿದರೆ ಸಾಕು.

ಒಮ್ಮೆಗೇ ಬಿದ್ದ ಅತಿಭಾರದಿಂದ ಮೈಲ್ಡ್ ಸ್ಟೀಲ್ ಪಟ್ಟಿ ತುಂಡಾಗಿದ್ದರೆ ಅದು ಸದ್ದಿಲ್ಲದೆ ಹೋಗುವುದಿಲ್ಲ, ಮೊದಲು ಹಿಗ್ಗುತ್ತದೆ. ತೂತು ಎಳೆತದ ದಿಕ್ಕಿಗೆ ಮೊಟ್ಟೆಯ ಆಕಾರಕ್ಕೆ ಬರುತ್ತದೆ, ಅದರ ಎರಡು ಪಕ್ಕದಲ್ಲಿ ದಪ್ಪ ಕಡಿಮೆಯಾಗುತ್ತದೆ, ಮೇಲಿನ ಕಪ್ಪು ಪೊರೆ ಉದುರಿರುತ್ತದೆ. ವರ್ನಿಯರ್ ಹಿಡಿದು ತೂತನ್ನು ಎಳೆತದ ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ತುಂಡಾದ ಪಟ್ಟಿಯಲ್ಲಿ ಉದ್ದದ ಅಳತೆ ಸಿಗುವುದು ಕಷ್ಟ, ಆಗ ದಪ್ಪವನ್ನಾದರೂ ಮುರಿದ ಅಂಚಿನಲ್ಲಿ ಮತ್ತು ದೂರದಲ್ಲಿ ಅಳೆದು ಹೋಲಿಸಿ. ನಮ್ಮ ಪಟ್ಟಿಯಲ್ಲಿ ಎರಡೂ ಕಡೆ ದಪ್ಪ ಒಂದೇ ಇತ್ತು. ತೆಳ್ಳಗಾಗಿಲ್ಲ, ಹಿಗ್ಗಿಲ್ಲ. ಅಂದರೆ ಅತಿಭಾರದ ಊಹೆಯನ್ನು ಇಲ್ಲಿಯೇ ಕೈಬಿಡಬಹುದು.

ಮುರಿದ ಮುಖದಲ್ಲಿ ಕಂಡದ್ದು ಇಷ್ಟು. ತೂತಿನ ಅಂಚಿಗೆ ಅಂಟಿದಂತೆ ಎರಡೂ ಪಕ್ಕದಲ್ಲಿ ನಯವಾದ, ಚಪ್ಪಟೆಯಾದ, ತುಕ್ಕು ಹಿಡಿದ ಭಾಗ. ಅದರಲ್ಲಿ ಮರದ ಕೊರಡಿನ ಉಂಗುರಗಳಂತೆ ಒಂದರ ಹೊರಗೊಂದು ಕಮಾನು ಗೆರೆಗಳು. ಪಟ್ಟಿಯ ಹೊರ ಅಂಚಿನ ಬಳಿ ಮಾತ್ರ ಒರಟಾದ, ಹೊಸದಾಗಿ ಹರಿದ, ಬೂದು ಬಣ್ಣದ ಭಾಗ. ಗೆರೆಗಳ ಕೇಂದ್ರ ಎಲ್ಲಿದೆಯೋ ಬಿರುಕು ಹುಟ್ಟಿದ್ದು ಅಲ್ಲಿ. ಎರಡೂ ಪಕ್ಕದ ಕಮಾನುಗಳು ತಮ್ಮ ತಮ್ಮ ಕಡೆಯ ತೂತಿನ ಅಂಚಿನ ಒಂದೊಂದು ಸಣ್ಣ ಕಚ್ಚಿನತ್ತ ಬೆರಳು ತೋರಿಸುತ್ತಿದ್ದವು. ಇದು ಫಟೀಗ್: ಪ್ರತಿ ಬ್ಯಾಚಿಗೂ ತುಸು ತುಸು ಬೆಳೆದ ಬಿರುಕು. ತುಕ್ಕು ಹಿಡಿದ ಭಾಗ ಹಳೆಯದು, ತಿಂಗಳುಗಟ್ಟಲೆ ಗಾಳಿಗೆ ತೆರೆದಿತ್ತು. ಬೂದು ಬಣ್ಣದ ಭಾಗ ಕೊನೆಯ ದಿನದ್ದು.

ಬಿರುಕು ಹುಟ್ಟಿದ ಜಾಗವೂ ಮಾತಾಡುತ್ತದೆ. ಪಟ್ಟಿಯನ್ನು ಮೇಲೆ ಕೆಳಗೆ ಎಳೆಯುತ್ತಿದ್ದರೆ ಬಿರುಕು ತೂತಿನ ಎಡ ಬಲ ತುದಿಗಳಲ್ಲಿ ಹುಟ್ಟಬೇಕು. ಒಂದೇ ಪಕ್ಕದಲ್ಲಿ ಹುಟ್ಟಿದ್ದರೆ ಎಳೆತ ಪಟ್ಟಿಯ ನಡುಗೆರೆಯಲ್ಲಿಲ್ಲ, ಪಕ್ಕಕ್ಕೆ ಬಾಗುತ್ತಿದೆ ಎಂದು ಸಂಶಯಪಡಿ. ಎರಡೂ ಪಕ್ಕದಲ್ಲಿ ಹುಟ್ಟಿದರೂ ಪಟ್ಟಿಯ ಒಂದೇ ಮುಖದ ಕಡೆಯಿಂದ ಒಳಕ್ಕೆ ಬೆಳೆದಿದ್ದರೆ ಪಟ್ಟಿ ಮುಂದೆ ಹಿಂದೆ ಬಾಗುತ್ತಿದೆ, ಬ್ರಾಕೆಟ್ಟು ಸೊಟ್ಟಗಿದೆ. ನಮ್ಮಲ್ಲಿ ಎರಡೂ ಪಕ್ಕ, ದಪ್ಪದ ಉದ್ದಕ್ಕೂ. ಹಾಗಾಗಿ ಇದು ನೇರ ಎಳೆತದ ಪ್ರಕರಣ, ಮುಂದಿನ ಲೆಕ್ಕ ಇದಕ್ಕೆ ಸಲ್ಲುತ್ತದೆ.

ತೂತಿನ ಅಂಚಿನಲ್ಲೇ ಏಕೆ

ಫ್ಯಾಬ್ರಿಕೇಟರ್ ಮಾಡಿದ ಲೆಕ್ಕ ಹೀಗಿತ್ತು: 25ರಲ್ಲಿ 10 ಕಳೆದರೆ ಉಳಿಯುವುದು 15 ಮಿ.ಮೀ., ಅದನ್ನು ದಪ್ಪ 5ರಿಂದ ಗುಣಿಸಿದರೆ 75 ಚದರ ಮಿ.ಮೀ. ಐಎಸ್ 2062ರ ಇ250 ದರ್ಜೆಯ ಉಕ್ಕಿನ ಯೀಲ್ಡ್, ಅಂದರೆ ಮರಳಿ ಬಾರದಂತೆ ಹಿಗ್ಗಲು ಶುರುವಾಗುವ ಮಿತಿ, 250 ಮೆಗಾಪ್ಯಾಸ್ಕಲ್. ಸುರಕ್ಷತಾ ಅಂಶ 2.5 ಹಿಡಿದರೆ 100 ಮೆಗಾಪ್ಯಾಸ್ಕಲ್, ಅಂದರೆ 7.5 ಕಿಲೋನ್ಯೂಟನ್. ಗಣಿತದಲ್ಲಿ ತಪ್ಪಿಲ್ಲ. ಆದರೆ ಉಳಿದ 15 ಮಿ.ಮೀ. ಅಗಲವೂ ಭಾರವನ್ನು ಸಮನಾಗಿ ಹಂಚಿಕೊಳ್ಳುತ್ತದೆ ಎಂಬ ಊಹೆ ಅದರೊಳಗೆ ಕುಳಿತಿದೆ. ಆ ಹಂಚಿಕೆ ಸಮನಾಗಿಲ್ಲ.

ತೂತು ಇದ್ದ ಕಡೆ ಎಳೆತ ನೇರವಾಗಿ ಸಾಗಲಾರದು, ಎಡಬಲಕ್ಕೆ ಸುತ್ತಿ ಹೋಗಬೇಕು. ಹಾಗೆ ಸುತ್ತಿ ಬರುವ ಎಳೆತವೆಲ್ಲ ತೂತಿನ ಅಂಚಿಗೇ ಒತ್ತರಿಸಿ ಸಾಗುತ್ತದೆ. ಬಹಳ ಅಗಲದ ತಗಡಿನಲ್ಲಿ ಒಂದು ದುಂಡು ತೂತಿದ್ದರೆ ಎಷ್ಟು ಒತ್ತರಿಸುತ್ತದೆ ಎಂಬುದನ್ನು ಜರ್ಮನಿಯ ಎಂಜಿನಿಯರ್ ಕಿರ್ಷ್ 1898ರಲ್ಲಿ ಲೆಕ್ಕ ಹಾಕಿ ಕೊಟ್ಟರು. ತೂತಿನ ಎಡಬಲ ಗೆರೆಯ ಮೇಲೆ, ತೂತಿನ ಕೇಂದ್ರದಿಂದ `r` ದೂರದಲ್ಲಿ ಸಿಗುವ ಸ್ಟ್ರೆಸ್, ಅಂದರೆ ಪ್ರತಿ ಚದರ ಮಿ.ಮೀ. ಹೊರುವ ಬಲ, ಇದು. `a` ತೂತಿನ ತ್ರಿಜ್ಯ, `S` ತೂತಿನಿಂದ ದೂರದಲ್ಲಿರುವ ಸ್ಟ್ರೆಸ್.

```
s = (S/2) * (2 + (a/r)^2 + 3*(a/r)^4)
```

ಅಂಚಿನಲ್ಲಿ `r = a`. ಆವರಣದೊಳಗೆ 2, 1, 3 ಸೇರಿ 6, ಅದರ ಅರ್ಧ 3. ಅಂದರೆ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟು. ತ್ರಿಜ್ಯದ ಅರ್ಧದಷ್ಟು ಆಚೆ ಹೋದರೆ ಅದು 1.52 ಪಟ್ಟಿಗೆ ಇಳಿದಿರುತ್ತದೆ. ಒಂದು ತ್ರಿಜ್ಯ ಆಚೆ 1.22, ಒಂದು ವ್ಯಾಸ ಆಚೆ 1.07. ಶಿಖರ ಎತ್ತರವಾದದ್ದು, ಆದರೆ ಬಹಳ ಕಿರಿದು. ತೂತಿನ ಮೇಲ್ತುದಿ ಮತ್ತು ಕೆಳತುದಿಯಲ್ಲಿ ಇದಕ್ಕೆ ವಿರುದ್ಧ: ಅಲ್ಲಿ ಅಂಚಿನ ಗುಂಟ `S`ನಷ್ಟೇ ಸ್ಟ್ರೆಸ್ ಇದೆ, ಆದರೆ ಎಳೆತವಲ್ಲ, ಅದುಮು. ಆದ್ದರಿಂದಲೇ ಎಳೆತದ ಪಟ್ಟಿಯಲ್ಲಿ ಬಿರುಕು ತೂತಿನ ನೆತ್ತಿಯಲ್ಲಿ ಹುಟ್ಟುವುದಿಲ್ಲ.

ಈ ಸೂತ್ರದಲ್ಲಿ ಬಹಳ ಮಂದಿ ಗಮನಿಸದ ಸಂಗತಿ ಒಂದಿದೆ. ಅಂಚಿನ ಮೂರು ಪಟ್ಟು ತೂತಿನ ಗಾತ್ರವನ್ನು ಅವಲಂಬಿಸಿಲ್ಲ. `a` ಎಷ್ಟೇ ಇರಲಿ, ಅಂಚಿನಲ್ಲಿ ಬರುವುದು 3. "ಸಣ್ಣ ತೂತು ತಾನೆ, ಏನಾಗುತ್ತದೆ" ಎಂಬ ಮಾತು ಉಳಿದ ಅಡ್ಡಕೊಯ್ತದ ವಿಸ್ತೀರ್ಣದ ಮಟ್ಟಿಗೆ ಸರಿ, ಅಂಚಿನ ಸ್ಟ್ರೆಸ್ಸಿನ ಮಟ್ಟಿಗೆ ಸರಿಯಲ್ಲ. 100 ಮಿ.ಮೀ. ಅಗಲದ ಪಟ್ಟಿಯಲ್ಲಿ 5 ಮಿ.ಮೀ. ತೂತು ಹಾಕಿದರೆ ವಿಸ್ತೀರ್ಣ ಹೋಗುವುದು ಶೇಕಡಾ ಐದು, ಅಂಚಿನ ಸ್ಟ್ರೆಸ್ ಏರುವುದು ಮೂರು ಪಟ್ಟು.

ಯಾವ ಸ್ಟ್ರೆಸ್ಸಿಗೆ ಯಾವ ಗುಣಕ

ನಮ್ಮ ಪಟ್ಟಿ ಅಗಲವಾದ ತಗಡಲ್ಲ. ತೂತಿನ ಎರಡೂ ಪಕ್ಕದಲ್ಲಿ ಉಳಿದಿರುವುದು ತಲಾ ಏಳೂವರೆ ಮಿ.ಮೀ. ಇಲ್ಲಿ ಕಿರ್ಷ್ ಸೂತ್ರ ನೇರವಾಗಿ ಒಗ್ಗುವುದಿಲ್ಲ. ಕಿರಿದಾದ ಪಟ್ಟಿಗೆ, ತೂತು ನಡುವಿನಲ್ಲಿದ್ದಾಗ, ಹೇವುಡ್ ಅವರ ಸರಳ ಸೂತ್ರ ಕೈಗೆ ಸುಲಭ ಮತ್ತು ಕಾರ್ಖಾನೆಯ ಕೆಲಸಕ್ಕೆ ಸಾಕಷ್ಟು ನಿಖರ:

```
Kn = 2 + (1 - d/W)^3
```

`Kn` ಅಂಚಿನ ಸ್ಟ್ರೆಸ್ಸಿನ ಗುಣಕ, `d` ತೂತಿನ ವ್ಯಾಸ, `W` ಪಟ್ಟಿಯ ಅಗಲ. ನಮ್ಮಲ್ಲಿ 10ನ್ನು 25ರಿಂದ ಭಾಗಿಸಿದರೆ 0.4. ಒಂದರಲ್ಲಿ ಕಳೆದರೆ 0.6, ಅದರ ಘನ 0.216. ಗುಣಕ 2.22.

ಬಹುಪಾಲು ಲೆಕ್ಕಗಳು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಈ 2.22ನ್ನು ಗುಣಿಸಬೇಕಾದದ್ದು ಉಳಿದ ಅಡ್ಡಕೊಯ್ತದ, ಅಂದರೆ 75 ಚದರ ಮಿ.ಮೀ. ಮೇಲಿನ ಸರಾಸರಿ ಸ್ಟ್ರೆಸ್ಸಿಗೆ. ಕಿರ್ಷ್‌ನ 3 ಗುಣಿಸುವುದು ತೂತಿಲ್ಲದ ಪೂರ್ತಿ ಅಡ್ಡಕೊಯ್ತದ ಸ್ಟ್ರೆಸ್ಸಿಗೆ, ಅದೂ ಅಗಲವಾದ ತಗಡಿನಲ್ಲಿ ಮಾತ್ರ. ಇವನ್ನು ಬೆರೆಸಿದರೆ ಉತ್ತರ ಎತ್ತಲೋ ಹೋಗುತ್ತದೆ. ಪಟ್ಟಿಯ ಮೇಲೆ 6.87 ಕಿಲೋನ್ಯೂಟನ್ ಇದೆ ಎಂದಿಟ್ಟುಕೊಳ್ಳಿ (ಈ ಅಂಕಿ ಎಲ್ಲಿಂದ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ). ಪೂರ್ತಿ ಅಡ್ಡಕೊಯ್ತ 125 ಚದರ ಮಿ.ಮೀ., ಅದರ ಮೇಲೆ 55 ಮೆಗಾಪ್ಯಾಸ್ಕಲ್. ಉಳಿದ 75ರ ಮೇಲೆ 91.6 ಮೆಗಾಪ್ಯಾಸ್ಕಲ್.

```
peak = 2.22 * 91.6 = 203 MPa
3 * 55   = 165 MPa
3 * 91.6 = 275 MPa
```

ಮೊದಲ ಸಾಲು ಸರಿ. ಎರಡನೆಯದು ಕಡಿಮೆ ತೋರಿಸಿ ಮೋಸ ಮಾಡುತ್ತದೆ, ಮೂರನೆಯದು ಯೀಲ್ಡ್ ದಾಟಿತೆಂದು ಸುಳ್ಳು ಹೆದರಿಕೆ ಹುಟ್ಟಿಸುತ್ತದೆ. ಯಾರಾದರೂ ಗುಣಕದ ಕೋಷ್ಟಕ ಕೊಟ್ಟರೆ ಮೊದಲು ಕೇಳಬೇಕಾದ ಪ್ರಶ್ನೆ, ಅದು ಪೂರ್ತಿ ಅಡ್ಡಕೊಯ್ತದ್ದೋ ಉಳಿದ ಅಡ್ಡಕೊಯ್ತದ್ದೋ ಎಂಬುದು. ಪರೀಕ್ಷಿಸುವ ಸುಲಭ ಉಪಾಯವಿದೆ: ತೂತು ಬಹಳ ಸಣ್ಣದಾದಾಗ ಎರಡೂ 3ಕ್ಕೆ ಬರುತ್ತವೆ, ತೂತು ದೊಡ್ಡದಾದಂತೆ ಗುಣಕ 3ಕ್ಕಿಂತ ಕೆಳಗಿಳಿದರೆ ಅದು ಉಳಿದ ಅಡ್ಡಕೊಯ್ತದ್ದು, ಮೇಲೇರಿದರೆ ಪೂರ್ತಿಯದು. ಗುಣಕ ಇಳಿಯಿತೆಂದು ದೊಡ್ಡ ತೂತು ಒಳ್ಳೆಯದು ಎಂದು ತಿಳಿಯಬಾರದು. ವಿಸ್ತೀರ್ಣ ಅದಕ್ಕಿಂತ ವೇಗವಾಗಿ ಕರಗುತ್ತಿರುತ್ತದೆ.

ಈಗ ಸಿಕ್ಕ 203, ಯೀಲ್ಡಿನ 250ಕ್ಕಿಂತ ಕಡಿಮೆಯೇ. ಅಂಚೂ ಯೀಲ್ಡ್ ಆಗಿಲ್ಲ. ತೂತು ಮೊಟ್ಟೆಯಾಗದೆ ಉಳಿದದ್ದಕ್ಕೆ ಇದು ಹೊಂದುತ್ತದೆ. ಹಾಗಿದ್ದರೆ ಮುರಿದದ್ದೇಕೆ ಎಂಬುದಕ್ಕೆ ಎರಡು ಪ್ರಶ್ನೆ ಉಳಿದಿವೆ: ಪಟ್ಟಿಯ ಮೇಲೆ ನಿಜಕ್ಕೂ ಎಷ್ಟು ಭಾರವಿತ್ತು, ಮತ್ತು ಆ ತೂತಿನ ಅಂಚು ಹೇಗಿತ್ತು.

ನಾಲ್ಕು ಪಟ್ಟಿ ಎಂದರೆ ನಾಲ್ಕರಲ್ಲಿ ಒಂದು ಪಾಲಲ್ಲ

ಖಾಲಿ ಹಾಪರು 400 ಕೆ.ಜಿ., ಕಾಳು 1000 ಕೆ.ಜಿ. ಒಟ್ಟು 1400 ಕೆ.ಜಿ., ಅಂದರೆ 13.7 ಕಿಲೋನ್ಯೂಟನ್. ನಾಲ್ಕರಿಂದ ಭಾಗಿಸಿದರೆ ತಲಾ 3.43. ಮಾಲೀಕರ "ಅಷ್ಟು ಭಾರ ಎಂದೂ ಬಿದ್ದಿಲ್ಲ" ಎಂಬ ಧೈರ್ಯ ಬಂದದ್ದು ಈ ಭಾಗಾಕಾರದಿಂದ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಅನುಭವದಲ್ಲಿ ನೇತು ಹಾಕಿದ ಯಂತ್ರಗಳ ಅರ್ಧಕ್ಕರ್ಧ ದೋಷ ಇಲ್ಲೇ ಇರುತ್ತದೆ. ಒಂದು ಮೀಟರ್ ಉದ್ದದ ಈ ಪಟ್ಟಿ 3.43 ಕಿಲೋನ್ಯೂಟನ್ನಿಗೆ ಎಷ್ಟು ಹಿಗ್ಗುತ್ತದೆ? ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ 2 ಲಕ್ಷ ಮೆಗಾಪ್ಯಾಸ್ಕಲ್ ಹಿಡಿದರೆ ಸುಮಾರು 0.14 ಮಿ.ಮೀ. ಅಷ್ಟೇ. ಈಗ ನಾಲ್ಕರಲ್ಲಿ ಒಂದು ಪಟ್ಟಿಯ ಉದ್ದ ಉಳಿದವುಗಳಿಗಿಂತ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚೇ ಗಿಡ್ಡವಾಗಿದ್ದರೆ, ಹಾಪರೂ ತೊಲೆಯೂ ಗಟ್ಟಿಯಾಗಿದ್ದರೆ, ಎದುರುಬದುರು ಮೂಲೆಯ ಎರಡು ಪಟ್ಟಿಗಳೇ ಬಹುಪಾಲು ಭಾರ ಹೊರುತ್ತವೆ. ಉಳಿದೆರಡು ಸುಮ್ಮನೆ ಜೋತಾಡುತ್ತವೆ. ತೊಲೆಗಳು ತುಸು ಬಾಗುವುದರಿಂದ ವಾಸ್ತವದಲ್ಲಿ ಸ್ವಲ್ಪ ಹೆಚ್ಚು ವ್ಯತ್ಯಾಸವನ್ನು ತಾಳಬಹುದು, ಆದರೆ ಟೇಪ್ ಹಿಡಿದು ಗುರುತು ಹಾಕಿ ಕತ್ತರಿಸಿದ ಪಟ್ಟಿಗಳಲ್ಲಿ ಒಂದು ಮಿ.ಮೀ. ವ್ಯತ್ಯಾಸ ಇಲ್ಲದಿದ್ದರೆ ಆಶ್ಚರ್ಯಪಡಬೇಕು. ನಾಲ್ಕು ಕಾಲಿನ ಮೇಜು ಒಂದು ಕಾಲನ್ನು ನೆಲಕ್ಕೆ ತಾಗಿಸದೆ ನಿಲ್ಲುವುದು ನಮಗೆಲ್ಲ ಗೊತ್ತು. ತೂಗುಹಾಕಿದಾಗ ಅದೇ ತೊಂದರೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಇದನ್ನು ಸ್ಥಳದಲ್ಲೇ ಪರೀಕ್ಷಿಸಬಹುದು. ಹಾಪರು ಖಾಲಿಯಿರುವಾಗ ಸಣ್ಣ ಸುತ್ತಿಗೆಯಿಂದ ಪ್ರತಿ ಪಟ್ಟಿಯನ್ನೂ ಪಕ್ಕದಿಂದ ಮೆಲ್ಲಗೆ ತಟ್ಟಿ. ಬಿಗಿಯಾದದ್ದು ಟಣ್ ಎನ್ನುತ್ತದೆ, ಸಡಿಲವಾದದ್ದು ಮಂದವಾಗಿ ಬಡಿಯುತ್ತದೆ. ಕೆಳಗಿನ ಪಿನ್ನನ್ನು ಬೆರಳಿನಲ್ಲೇ ತಿರುಗಿಸಲು ಆದರೆ ಆ ಪಟ್ಟಿ ಏನನ್ನೂ ಹೊರುತ್ತಿಲ್ಲ. ನಮ್ಮ ಪ್ರಕರಣದಲ್ಲಿ ಒಂದು ಪಟ್ಟಿ ಆಗಲೇ ಮುರಿದಿದ್ದರಿಂದ ಹಂಚಿಕೆ ಬದಲಾಗಿತ್ತು, ಈ ಪರೀಕ್ಷೆ ಕೆಲಸಕ್ಕೆ ಬರಲಿಲ್ಲ. ಬದಲಿಗೆ ಉಳಿದ ಮೂರು ಪಟ್ಟಿಗಳೇ ಉತ್ತರ ಕೊಟ್ಟವು.

ಹಾಪರಿಗೆ ಕೆಳಗಿನಿಂದ ಆಧಾರ ಕೊಟ್ಟು ಮೂರನ್ನೂ ಬಿಚ್ಚಿ, ತೂತಿನ ಸುತ್ತ ಬಣ್ಣ ಕೆರೆದು, ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟೆವು. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದೆವು. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಹೊರಬಂದು ಸುಣ್ಣದಲ್ಲಿ ಗೆರೆ ಮೂಡಿಸುತ್ತದೆ. ಕೆಂಪು ಬಣ್ಣದ ಡೈ ಪೆನೆಟ್ರೆಂಟ್ ಕಿಟ್ ಸಿಕ್ಕರೆ ಅದೇ ಮೇಲು, ಸಣ್ಣ ಬಿರುಕನ್ನೂ ತೋರಿಸುತ್ತದೆ. ಮುರಿದ ಪಟ್ಟಿಗೆ ಎದುರು ಮೂಲೆಯಲ್ಲಿದ್ದ ಪಟ್ಟಿಯ ತೂತಿನ ಎರಡೂ ಪಕ್ಕದಲ್ಲಿ ಕೂದಲೆಳೆಯಂಥ ಗೆರೆ ಮೂಡಿತು. ಉಳಿದೆರಡು ಪಟ್ಟಿಗಳಲ್ಲಿ ಏನೂ ಇರಲಿಲ್ಲ. ತೂತು ನಾಲ್ಕರಲ್ಲೂ ಒಂದೇ ಬಗೆಯದು, ದುಡಿದದ್ದು ಒಂದೇ ನಾಲ್ಕು ವರ್ಷ. ಭಾರ ಸಮನಾಗಿದ್ದರೆ ಎರಡು ಮಾತ್ರ ಬಿರಿಯುವುದಕ್ಕೆ ಕಾರಣವಿಲ್ಲ. ಒಂದು ಮುರಿದಾಗ ಹಾಪರು ಬೀಳದೆ ತುಸುವೇ ವಾಲಿದ್ದೂ ಇದರಿಂದಲೇ: ಅಲ್ಲಿಯವರೆಗೆ ಬಿಡುವಾಗಿದ್ದ ಆ ಎರಡು ಪಟ್ಟಿಗಳು ಆಗ ಭಾರ ಹಿಡಿದವು.

ಹೀಗೆ ಬಂತು 6.87. ಒಟ್ಟು 13.7 ಕಿಲೋನ್ಯೂಟನ್ನಿನ ಅರ್ಧ. ಖಾಲಿಯಾದಾಗ ಅದೇ ಪಟ್ಟಿಯ ಮೇಲೆ 1.96.

ಒಂದೇ ಪಟ್ಟಿಗೆ ಮೂರು ಸುರಕ್ಷಿತ ಭಾರ

ಫ್ಯಾಬ್ರಿಕೇಟರ್‌ನ 7.5 ಕಿಲೋನ್ಯೂಟನ್ ತಪ್ಪು ಅಂಕಿಯಲ್ಲ, ಬೇರೆ ಪ್ರಶ್ನೆಗೆ ಸರಿಯಾದ ಉತ್ತರ. ಭಾರವನ್ನು ಒಮ್ಮೆ ನೇತುಹಾಕಿ ಹಾಗೆಯೇ ಬಿಡುವುದಾದರೆ ಮೈಲ್ಡ್ ಸ್ಟೀಲಿನಲ್ಲಿ ಶಿಖರ ಸ್ಟ್ರೆಸ್ಸಿಗೆ ಹೆದರಬೇಕಾಗಿಲ್ಲ. ಅಂಚಿನಲ್ಲಿ 250 ಮುಟ್ಟುವುದು ಪಟ್ಟಿಯ ಮೇಲೆ ಸುಮಾರು 8.4 ಕಿಲೋನ್ಯೂಟನ್ ಬಂದಾಗ. ಅದಕ್ಕೂ ಮೇಲೆ ಹೋದರೆ ಅಂಚಿನ ಲೋಹ ಕೊಂಚ ಹಿಗ್ಗಿ ಪಕ್ಕದ ಲೋಹಕ್ಕೆ ಭಾರ ದಾಟಿಸುತ್ತದೆ. ಇಡೀ 75 ಚದರ ಮಿ.ಮೀ. ಯೀಲ್ಡ್ ಆಗಲು 18.75 ಕಿಲೋನ್ಯೂಟನ್ ಬೇಕು. ಹಿಗ್ಗುವ ಗುಣವಿರುವ ಲೋಹಕ್ಕೆ ಈ ಔದಾರ್ಯವಿದೆ. ಎರಕದ ಕಬ್ಬಿಣದಂಥ ಪೆಡಸು ವಸ್ತುವಿಗೆ ಇಲ್ಲ, ಅಲ್ಲಿ ಒಂದೇ ಸಲದ ಭಾರಕ್ಕೂ ಶಿಖರವನ್ನೇ ಲೆಕ್ಕ ಹಿಡಿಯಬೇಕು.

ಭಾರ ಏರಿಳಿಯುತ್ತಿದ್ದರೆ ಮೈಲ್ಡ್ ಸ್ಟೀಲಿಗೂ ಆ ಔದಾರ್ಯ ಇಲ್ಲ. ಮೂರು ನಿಮಿಷಕ್ಕೊಂದು ಬ್ಯಾಚ್, ದಿನಕ್ಕೆ ಹದಿನಾಲ್ಕು ತಾಸು, ವರ್ಷಕ್ಕೆ ಮುನ್ನೂರು ದಿನ ಎಂದರೆ ನಾಲ್ಕು ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಏರಿಳಿತ. ಪ್ರತಿ ಸಲವೂ ತೂತಿನ ಅಂಚು 58ರಿಂದ 203 ಮೆಗಾಪ್ಯಾಸ್ಕಲ್‌ಗೆ ಹೋಗಿ ಮರಳುತ್ತದೆ. ಏರಿಳಿತದ ಅರ್ಧ, ಅಂದರೆ ಕಂಪನದ ಪಾರ, 73. ಉಳಿದ ಅಡ್ಡಕೊಯ್ತದ ಮೇಲಿನ ಸರಾಸರಿ ಸ್ಟ್ರೆಸ್ 59. ಇವೆರಡನ್ನು, ಏರಿಳಿತವನ್ನೂ ಸರಾಸರಿಯನ್ನೂ ಒಟ್ಟಿಗೆ ತೂಗಿ ನೋಡುವ ಗುಡ್‌ಮನ್ ಗೆರೆಯ ಸೂತ್ರದಲ್ಲಿ ಹಾಕಬೇಕು:

```
73/Se + 59/410 = 1/n
```

410 ಈ ಉಕ್ಕಿನ ಗರಿಷ್ಠ ಎಳೆತ ಶಕ್ತಿ. `n` ಸುರಕ್ಷತಾ ಅಂಶ. `Se` ಎಂಬುದು ಲಕ್ಷಗಟ್ಟಲೆ ಏರಿಳಿತವನ್ನು ಬಿರುಕಿಲ್ಲದೆ ತಾಳುವ ಮಿತಿ, ಮತ್ತು ಈ ಲೆಕ್ಕದಲ್ಲಿ ಹೆಚ್ಚು ಅಲುಗಾಡುವ ಅಂಕಿ ಅದೇ. ನುಣ್ಣಗೆ ಪಾಲಿಶ್ ಮಾಡಿದ ಪ್ರಯೋಗಾಲಯದ ಸರಳಿಗೆ ಅದು 410ರ ಅರ್ಧದಷ್ಟಿರುತ್ತದೆ. ನೇರ ಎಳೆತ, ಮೇಲ್ಮೈಯ ಒರಟು, ಒಂದು ತುಂಡಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಇವಕ್ಕೆಲ್ಲ ಕಡಿತ ಹಾಕಿದರೆ, ಚೊಕ್ಕವಾಗಿ ಡ್ರಿಲ್ ಮಾಡಿದ ತೂತಿಗೆ 130ರ ಆಸುಪಾಸು ಉಳಿಯುತ್ತದೆ.

ನಮ್ಮ ತೂತು ಡ್ರಿಲ್ ಮಾಡಿದ್ದಲ್ಲ. ಹಾಪರು ಏರಿಸಿದ ಮೇಲೆ ಕೇಬಲ್ ಕಟ್ಟಬೇಕೆಂದು ನೆನಪಾಗಿ, ಮೇಲೆ ಏಣಿ ಹತ್ತಿ ಗ್ಯಾಸ್ ಕಟ್ಟರಿನಿಂದ ಊದಿದ್ದು. ಅಂಚಿನ ಮೇಲೆ ಬೆರಳಾಡಿಸಿದರೆ ಗರಗಸದ ಹಲ್ಲಿನಂತೆ ತಗಲುತ್ತಿತ್ತು, ಕೆಳಗಿನ ಅಂಚಿಗೆ ಕಿಟ್ಟದ ಹನಿಗಳು ಅಂಟಿದ್ದವು. ಒಂದೊಂದು ಕಚ್ಚೂ ತೂತಿನ ಶಿಖರದ ಮೇಲೆ ತನ್ನದೇ ಇನ್ನೊಂದು ಸಣ್ಣ ಶಿಖರ ಕಟ್ಟುತ್ತದೆ. ಕಾದು ತಣಿದ ಅಂಚಿನ ಲೋಹವೂ ಮೊದಲಿನಷ್ಟು ಮೃದುವಾಗಿರುವುದಿಲ್ಲ. ಇಂಥ ಅಂಚಿಗೆ ನಾನು `Se` 80ಕ್ಕಿಂತ ಹೆಚ್ಚು ಕೊಡುವುದಿಲ್ಲ. ಇದು ಎಂಜಿನಿಯರನ ಅಂದಾಜು, ಅಳೆದು ಪಡೆದದ್ದಲ್ಲ.

80 ಹಾಕಿದರೆ 0.91 ಮತ್ತು 0.14 ಸೇರಿ 1.05. ಒಂದನ್ನು ದಾಟಿತು, ಅಂದರೆ ಬಿರುಕು ಬರಬೇಕಾದದ್ದೇ. 130 ಹಾಕಿದರೆ 0.70, ಅಂದರೆ `n` 1.4. ಇದೇ ವಕ್ರ ಹಂಚಿಕೆಯಲ್ಲೂ ಡ್ರಿಲ್ ಮಾಡಿದ ತೂತು ಬದುಕಿಕೊಳ್ಳುತ್ತಿತ್ತು, ನೆಮ್ಮದಿಯ ಅಂತರವಿಲ್ಲದೆ. ಯಾವ ತಿಂಗಳು ಮುರಿಯುತ್ತದೆ ಎಂದು ಈ ಲೆಕ್ಕ ಹೇಳಲಾರದು. ಒಂದೇ ಬಗೆಯ ಎರಡು ಪಟ್ಟಿಗಳ ಆಯುಷ್ಯದಲ್ಲೇ ಹಲವು ಪಟ್ಟು ವ್ಯತ್ಯಾಸ ಬರಬಹುದು.

ಈಗ ಇದನ್ನೇ ತಿರುಗಿಸಿ, ಸೊನ್ನೆಯಿಂದ `P`ವರೆಗೆ ಏರಿಳಿಯುವ ಭಾರಕ್ಕೆ `n` 2 ಇಟ್ಟುಕೊಂಡು ಸುರಕ್ಷಿತ ಭಾರ ಕೇಳೋಣ. `P` ನ್ಯೂಟನ್ನಿನಲ್ಲಿ. ಏರಿಳಿತದ ಅರ್ಧವೂ ಸರಾಸರಿಯೂ ಇಲ್ಲಿ `P`ಯ ಅರ್ಧದಿಂದ ಬರುವುದರಿಂದ 75ರ ಬದಲು 150ರಿಂದ ಭಾಗಿಸಿದೆ:

```
(2.22 * P/150)/Se + (P/150)/410 = 0.5

Se = 130  ->  P = 3.8 kN
Se = 80   ->  P = 2.5 kN
```

ಒಂದೇ ಪಟ್ಟಿ, ಒಂದೇ ವ್ಯಾಸದ ತೂತು. ಸ್ಥಿರ ಭಾರಕ್ಕೆ 7.5, ಏರಿಳಿಯುವ ಭಾರಕ್ಕೆ ಡ್ರಿಲ್ ಮಾಡಿದ್ದರೆ 3.8, ಗ್ಯಾಸಿನಲ್ಲಿ ಊದಿದ್ದರೆ 2.5. ಸಮನಾಗಿ ಹಂಚಿದ್ದರೆ ಬೇಕಿದ್ದದ್ದು 3.43, ವಾಸ್ತವದಲ್ಲಿ ಬಿದ್ದದ್ದು 6.87. ನಾಲ್ಕೂ ಪಟ್ಟಿ ಸಮನಾಗಿ ಹೊತ್ತು ತೂತೂ ಡ್ರಿಲ್ಲಿನದ್ದಾಗಿದ್ದರೆ ಮಾತ್ರ ಈ ವಿನ್ಯಾಸ ಸರಿಹೋಗುತ್ತಿತ್ತು.

ರಿಪೇರಿ

ಘಟಕದ ಫಿಟ್ಟರ್ ಎರಡು ಸಲಹೆ ಕೊಟ್ಟರು. ಒಂದು, ತೂತಿನ ಸುತ್ತ ಇನ್ನೊಂದು ತಗಡಿನ ತುಂಡಿಟ್ಟು ವೆಲ್ಡ್ ಮಾಡುವುದು. ಇನ್ನೊಂದು, ಗಡಸು ಉಕ್ಕಿನ ಪಟ್ಟಿ ತರಿಸುವುದು. ಎರಡಕ್ಕೂ ಬೇಡವೆಂದೆ. ವೆಲ್ಡಿನ ಅಂಚು ತಾನೇ ಒಂದು ಕಚ್ಚು. ಏರಿಳಿಯುವ ಭಾರದಲ್ಲಿ ಬಿರುಕು ತೂತನ್ನು ಬಿಟ್ಟು ವೆಲ್ಡಿನ ಬುಡದಲ್ಲಿ ಹುಟ್ಟುತ್ತದೆ. ಗಡಸು ಉಕ್ಕು ನುಣ್ಣನೆಯ ಸರಳಾಗಿದ್ದಾಗ ಬಲಶಾಲಿ, ಆದರೆ ಒರಟು ಅಂಚಿಗೆ ಅದು ಮೈಲ್ಡ್ ಸ್ಟೀಲಿಗಿಂತ ಹೆಚ್ಚು ಸೂಕ್ಷ್ಮ, ಕೊಟ್ಟ ದುಡ್ಡಿಗೆ ತಕ್ಕ ಲಾಭ ಬರುವುದಿಲ್ಲ. ಬಿರುಕಿನ ತುದಿಗೆ ಸಣ್ಣ ತೂತು ಹಾಕಿ ನಿಲ್ಲಿಸುವ ಹಳೆಯ ಉಪಾಯ ದೊಡ್ಡ ತಗಡುಗಳಲ್ಲಿ ಕೆಲವು ದಿನ ತಳ್ಳಲು ಸರಿ, ಏಳೂವರೆ ಮಿ.ಮೀ. ಉಳಿದಿರುವ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ನಾಲ್ಕು ಪಟ್ಟಿಗಳನ್ನೂ ಬದಲಿಸಿದೆವು. ಬಿರುಕು ಕಾಣದ ಎರಡನ್ನೂ, ಏಕೆಂದರೆ ಸೀಮೆಎಣ್ಣೆಗೆ ಕಾಣದಷ್ಟು ಸಣ್ಣ ಬಿರುಕು ಇರಬಹುದು. ಹೊಸ ಪಟ್ಟಿಯ ನಡುವೆ ತೂತೇ ಇಲ್ಲ. ಕೇಬಲ್ಲನ್ನು ಪಟ್ಟಿಯ ಸುತ್ತ ತಬ್ಬುವ ಕ್ಲಾಂಪಿನಿಂದ ಕಟ್ಟಲಾಗಿದೆ. ಇಷ್ಟಕ್ಕೇ ಅರ್ಧ ಸಮಸ್ಯೆ ಮುಗಿಯಿತು. ತೂತು ಬೇಕೇ ಬೇಕೆನ್ನುವ ಕಡೆ ಪಟ್ಟಿಯನ್ನು ಏರಿಸುವ ಮೊದಲೇ ಡ್ರಿಲ್ ಮಾಡಿ, ರೀಮರ್ ಓಡಿಸಿ, ಎರಡೂ ಮುಖದ ಚೂಪನ್ನು ಅರದಿಂದ ತೆಗೆಯಿರಿ. ಎರಡು ತೂತು ಬೇಕಾದರೆ ಎಳೆತದ ಗೆರೆಯ ಮೇಲೆ ಒಂದರ ಕೆಳಗೊಂದು ಇಡಿ. ಹತ್ತಿರದಲ್ಲಿದ್ದರೆ ಒಂದು ಇನ್ನೊಂದಕ್ಕೆ ಮರೆಯಾಗಿ ಶಿಖರ ಸ್ವಲ್ಪ ಇಳಿಯುತ್ತದೆ. ಅಡ್ಡಕ್ಕೆ ಅಕ್ಕಪಕ್ಕ ಇಟ್ಟರೆ ಫಲ ತಿರುವುಮುರುವು.

ಭಾರದ ಹಂಚಿಕೆಗೆ ಪಟ್ಟಿಗಳ ಕೆಳತುದಿಗೆ ಥ್ರೆಡ್ ಕೊರೆದ ಸರಳು ಸೇರಿಸಿ ನಟ್ಟಿನಿಂದ ಉದ್ದ ಹೊಂದಿಸುವಂತೆ ಮಾಡಿದೆವು. ಖಾಲಿ ಹಾಪರಿನಲ್ಲಿ ನಾಲ್ಕರ ನಾದವೂ ಒಂದೇ ಸಮ ಬರುವವರೆಗೆ ಹೊಂದಿಸಿ, ತುಂಬಿದ ಮೇಲೆ ಮತ್ತೆ ತಟ್ಟಿ ನೋಡಿ, ಲಾಕ್ ನಟ್ ಬಿಗಿಯಬೇಕು. ಹೊಸದಾಗಿ ಕಟ್ಟುವವರಿಗೆ ನನ್ನ ಸಲಹೆ ಬೇರೆ: ಮೂರೇ ಪಟ್ಟಿ ಹಾಕಿ. ಮೂರಾದರೆ ಉದ್ದದಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಪ್ರತಿಯೊಂದಕ್ಕೂ ಅದರ ಪಾಲು ಬಂದೇ ಬರುತ್ತದೆ, ಹೊಂದಿಸುವ ಗೋಜಿಲ್ಲ. ಒಂದು ಮುರಿದರೆ ಹಾಪರು ನಿಲ್ಲದು ಎಂಬುದು ಅದರ ಬೆಲೆ, ಹಾಗಾಗಿ ಜೊತೆಗೆ ಸಡಿಲವಾಗಿ ಬಿಟ್ಟ ಸುರಕ್ಷತಾ ಸರಪಳಿ ಬೇಕು.

ಒಂದು ಎಚ್ಚರಿಕೆ. ಪಟ್ಟಿಯ ತುದಿಯಲ್ಲಿ ಪಿನ್ ಹಾಯುವ ತೂತಿಗೆ ಮೇಲಿನ ಸೂತ್ರ ಬಳಸಬೇಡಿ. ಅಲ್ಲಿ ಭಾರ ತೂತಿನ ಒಳಗಿನಿಂದಲೇ ಒತ್ತುತ್ತದೆ, ಶಿಖರ ಇದಕ್ಕಿಂತ ಹೆಚ್ಚು, ಅದಕ್ಕೆ ಬೇರೆ ಕೋಷ್ಟಕಗಳಿವೆ. ನಡುವಿನ ತೂತು ಹೋದ ಮೇಲೆ ಪಟ್ಟಿಯ ದುರ್ಬಲ ಜಾಗ ಅದೇ. ಆದ್ದರಿಂದ ಹೊಸ ಪಟ್ಟಿಗಳ ತುದಿಗೆ ಅಗಲವಾದ ಕಣ್ಣು ಕೊಟ್ಟು, ಪ್ರತಿ ಸುಗ್ಗಿಯ ಗದ್ದಲ ಶುರುವಾಗುವ ಮೊದಲು ಪಿನ್ ತೆಗೆದು ಕಣ್ಣಿನ ಎಡಬಲ ಅಂಚನ್ನು ಸೀಮೆಎಣ್ಣೆ ಸುಣ್ಣದಲ್ಲಿ ನೋಡುವಂತೆ ಫಿಟ್ಟರಿಗೆ ಹೇಳಿದ್ದೇನೆ. ಗೆರೆ ಮೂಡಿದ ಪಟ್ಟಿಯನ್ನು ಮತ್ತೆ ಏರಿಸುವ ಹಾಗಿಲ್ಲ, ಅದರ ಮೇಲೆ ವೆಲ್ಡ್ ಕೂಡ ಬೇಡ.